ರಿಂಗು ಗುಂಡಗ ಅದ, ಝುಮಕಿನೂ ಗುಂಡಗ ಅದ: ಕಿವಿಯ ಆಭರಣಗಳ ಮೂಲಕ ಮೂರು ನೋಟಗಳ ಪಾಠ

ಘನಾಕೃತಿಗಳ ಮುಂಭಾಗದ ನೋಟ, ಪಕ್ಕದ ನೋಟ ಮತ್ತು ಮೇಲಿನ ನೋಟವನ್ನು ಕಲಿಸಲು ನಾವು ಸಾಮಾನ್ಯವಾಗಿ ಬೆಂಕಿಪೊಟ್ಟಣ, ಇಟ್ಟಿಗೆ, ಲೋಟಗಳನ್ನು ತರಗತಿಗೆ ಒಯ್ಯುತ್ತೇವೆ. ಅವು ಒಳ್ಳೆಯ ಬೋಧನೋಪಕರಣಗಳೇ. ಆದರೆ ಅವೆಲ್ಲ ಮೇಜಿನ ಮೇಲೆ ಕೂರುವ ವಸ್ತುಗಳು. ಯಾವುದು ಮುಂಭಾಗ ಎಂಬುದನ್ನು ಶಿಕ್ಷಕರೇ ಹೇಳಿಬಿಡುತ್ತಾರೆ, ಮಕ್ಕಳು ಒಪ್ಪಿಕೊಳ್ಳುತ್ತಾರೆ. ತೂಗಾಡುವ ವಸ್ತುವಿನಲ್ಲಿ ಹೀಗಾಗುವುದಿಲ್ಲ. ಅದು ಯಾವ ಕಡೆ ಮುಖ ಮಾಡಿ ನಿಲ್ಲಬೇಕೆಂಬುದನ್ನು ಅದನ್ನು ನೇತುಹಾಕಿದ ಬಗೆಯೇ ತೀರ್ಮಾನಿಸುತ್ತದೆ. ಈ ಕಾರಣಕ್ಕೆ ಚಿಮ್ಮನಚೋಡದಲ್ಲಿ ಎಂಟನೇ ತರಗತಿಗೆ ಗಣಿತದ ಬೋಧನಾಭ್ಯಾಸ ಮಾಡುವಾಗ ಎರಡು ಅವಧಿಗಳನ್ನು ಕಿವಿಯ ಆಭರಣಗಳಿಗೆ ಮೀಸಲಿಟ್ಟೆ. ಆ ಪಾಠದಲ್ಲಿ ವಿಷಯವನ್ನು ಹೇಗೆ ಬಿಡಿಸಬೇಕಾಯಿತು ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಚಟುವಟಿಕೆ ಸರಳ. ಇಬ್ಬರು ವಿದ್ಯಾರ್ಥಿಗಳು ಬೆನ್ನಿಗೆ ಬೆನ್ನು ಮಾಡಿ ಕೂರುತ್ತಾರೆ. ಒಬ್ಬರ ಕೈಯಲ್ಲಿ ಒಂದು ಆಭರಣ ಅಥವಾ ಅದರ ರಟ್ಟಿನ ಮಾದರಿ ಇರುತ್ತದೆ. ಹೆಸರು ಹೇಳದೆ ಅವರು ಅದನ್ನು ವರ್ಣಿಸಬೇಕು, ಇನ್ನೊಬ್ಬರು ಕೇಳಿ ಚಿತ್ರ ಬರೆಯಬೇಕು. ಹೆಸರಿಗೆ ನಿಷೇಧ ಹಾಕಿದ್ದಕ್ಕೆ ಕಾರಣವಿದೆ. ನಮ್ಮ ಕಡೆ ಝುಮಕಿ, ಬೆಂಡೋಲೆ, ಬುಗುಡಿ, ಟಾಪ್ಸ್, ರಿಂಗು, ಲೋಲಾಕು ಎಂದು ಬೇಕಾದಷ್ಟು ಹೆಸರುಗಳಿವೆ. ಹೆಸರು ಹೇಳಿದೊಡನೆ ಗೊತ್ತಿದ್ದವರ ಕಣ್ಣ ಮುಂದೆ ವಸ್ತು ಬಂದು ನಿಲ್ಲುತ್ತದೆ, ವರ್ಣನೆಯ ಅಗತ್ಯವೇ ಉಳಿಯುವುದಿಲ್ಲ. ಗೊತ್ತಿಲ್ಲದ ಹುಡುಗನಿಗೆ ಅದೇ ಹೆಸರಿನಿಂದ ಏನೂ ಸಿಗುವುದಿಲ್ಲ. ಕೆಲವು ಹೆಸರುಗಳೊಳಗೆ ವರ್ಣನೆ ಅಡಗಿದೆ ಎಂಬುದು ಬೇರೆ ಮಾತು. ಓಲೆ ಎಂದರೆ ತಾಳೆಗರಿ. ಗರಿಯನ್ನು ಸುರುಳಿ ಸುತ್ತಿ ಕಿವಿಯ ತೂತಿಗೆ ಇಡುತ್ತಿದ್ದ ಕಾಲದ ನೆನಪು ಅದರಲ್ಲಿದೆ. ಲೋಲಾಕಿನಲ್ಲಿ ಅಲುಗಾಡುವುದು ಎಂಬ ಅರ್ಥದ ‘ಲೋಲ’ ಇದೆ. ಒಂದು ಹೆಸರು ಆಕಾರವನ್ನು ಹೇಳುತ್ತದೆ, ಇನ್ನೊಂದು ತೂಗುವ ರೀತಿಯನ್ನು.

ಮೊದಲ ಸುತ್ತಿನಲ್ಲಿ ಬಂದ ವರ್ಣನೆಗಳಲ್ಲಿ ಮೂರು ಮಾತುಗಳೇ ಹೆಚ್ಚು: ‘ಚೆಂದ ಅದ’, ‘ದೊಡ್ಡದದ’, ‘ಗುಂಡಗ ಅದ’. ಚೆಂದ ಎಂಬುದನ್ನು ಚಿತ್ರ ಬರೆಯಲಾಗದು ಎಂದು ಮಕ್ಕಳೇ ಕೈಬಿಟ್ಟರು. ಪಾಠವೆಲ್ಲ ನಿಂತದ್ದು ‘ಗುಂಡಗ’ ಎಂಬ ಮಾತಿನ ಮೇಲೆ. ಟಾಪ್ಸ್ ಹಿಡಿದವಳು ಗುಂಡಗ ಎಂದಳು, ರಿಂಗು ಹಿಡಿದವನು ಗುಂಡಗ ಎಂದ, ಝುಮಕಿ ಹಿಡಿದವಳೂ ಅದನ್ನೇ ಹೇಳಿದಳು. ಮೂವರ ಜೊತೆಗಾರರೂ ಕಾಗದದ ಮೇಲೆ ಒಂದೊಂದು ವೃತ್ತ ಬರೆದಿಟ್ಟರು. ಮೂರು ಚಿತ್ರಗಳನ್ನು ಕಪ್ಪುಹಲಗೆಗೆ ಅಂಟಿಸಿ, ಯಾವುದು ಯಾವುದರದು ಎಂದು ಕೇಳಿದಾಗ ತರಗತಿಯೇ ನಕ್ಕಿತು.

ಆಗ ಕೇಳಬೇಕಾದ ಪ್ರಶ್ನೆ ‘ಎಲ್ಲಿಂದ ನೋಡಿದರೆ ಗುಂಡಗ?’ ಎಂಬುದು. ಟಾಪ್ಸ್ ಒಂದು ಬಿಲ್ಲೆ. ಎದುರಿನಿಂದ ನೋಡಿದರೆ ತುಂಬಿದ ವೃತ್ತ. ಪಕ್ಕದಿಂದ ನೋಡಿದರೆ ಒಂದು ತೆಳು ಗೆರೆ, ಅದರ ಹಿಂದೆ ಕಡ್ಡಿ ಮತ್ತು ತಿರುಪು. ರಿಂಗು ಒಂದು ಬಳೆ, ನಡುವೆ ಖಾಲಿ. ಝುಮಕಿ ಬೋರಲು ಹಾಕಿದ ಬಟ್ಟಲು: ಎದುರಿನಿಂದ ಅರ್ಧವೃತ್ತ, ಪಕ್ಕದಿಂದಲೂ ಅರ್ಧವೃತ್ತ, ಮೇಲಿನಿಂದ ಮಾತ್ರ ಪೂರ್ಣ ವೃತ್ತ. ಅಂದರೆ ಝುಮಕಿಯನ್ನು ‘ಗುಂಡಗ’ ಎಂದ ಹುಡುಗಿ ತಪ್ಪು ಹೇಳಿರಲಿಲ್ಲ. ಅಂಗೈಯಲ್ಲಿಟ್ಟುಕೊಂಡು ಮೇಲಿನಿಂದ ನೋಡುತ್ತಿದ್ದಳು, ಅಷ್ಟೇ. ಕಿವಿಯಲ್ಲಿದ್ದಾಗ ಆ ನೋಟ ಯಾರಿಗೂ ಕಾಣುವುದಿಲ್ಲ. ಆಭರಣವನ್ನು ಕೈಯಲ್ಲಿ ಹಿಡಿದು ವರ್ಣಿಸಿದರೆ ಒಂದು ಆಕಾರ, ಕಿವಿಯಲ್ಲಿ ತೂಗಿದಾಗ ವರ್ಣಿಸಿದರೆ ಇನ್ನೊಂದು ಆಕಾರ. ಹಾಗಾಗಿ ಆಕಾರದ ಮಾತಿಗಿಂತ ಮೊದಲು ತೂಗುವ ರೀತಿಯ ಮಾತು ಬರಬೇಕು ಎಂಬ ಅಭಿಪ್ರಾಯಕ್ಕೆ ಬಂದೆ. ಪಾಠಯೋಜನೆಯಲ್ಲಿ ಆಕಾರ, ಅಳತೆ, ತೂಗು ಎಂದು ಬರೆದುಕೊಂಡಿದ್ದ ಅನುಕ್ರಮವನ್ನು ಎರಡನೇ ಅವಧಿಗೆ ತಿರುಗಿಸಿದೆ.

ತೂಗುವ ರೀತಿಯನ್ನು ತೋರಿಸಲು ನಿಜವಾದ ಕಿವಿ ಬೇಡ. ಅಂಗೈ ಅಗಲದ ರಟ್ಟನ್ನು ಕಿವಿಯ ಆಕಾರಕ್ಕೆ ಕತ್ತರಿಸಿ, ಹಾಲೆಯ ಜಾಗದಲ್ಲಿ ದಬ್ಬಳದಿಂದ ಒಂದು ತೂತು ಮಾಡಿ, ನೆಟ್ಟಗೆ ನಿಲ್ಲಿಸಿದರೆ ಸಾಕು. ಇಲ್ಲಿ ‘ಮುಂಭಾಗ’ ಎಂದರೆ ಮುಖದ ಮುಂಭಾಗವಲ್ಲ, ಹಾಲೆಯ ಮುಂಭಾಗ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಹಾಲೆ ಕೆಲವರಲ್ಲಿ ಹೆಚ್ಚು ಪಕ್ಕಕ್ಕೆ, ಕೆಲವರಲ್ಲಿ ಹೆಚ್ಚು ಮುಂದಕ್ಕೆ ಮುಖ ಮಾಡಿರುತ್ತದೆ. ಒಂದೇ ರಿಂಗು ಒಬ್ಬರ ಕಿವಿಯಲ್ಲಿ ಅಗಲವಾಗಿಯೂ ಇನ್ನೊಬ್ಬರ ಕಿವಿಯಲ್ಲಿ ಸಪೂರವಾಗಿಯೂ ಕಾಣುವುದು ಅದರಿಂದಲೇ. ರಟ್ಟಿನ ಕಿವಿಗೆ ಈ ತೊಡಕಿಲ್ಲ.

ಈಗ ಒಂದೊಂದನ್ನೇ ಹಾಕಿ ನೋಡೋಣ. ಟಾಪ್ಸ್‌ನ ಕಡ್ಡಿ ತೂತಿನಲ್ಲಿ ಹೋಗುತ್ತದೆ, ಬಿಲ್ಲೆ ಹಾಲೆಗೆ ಒತ್ತಿ ಕೂರುತ್ತದೆ. ಅದು ತೂಗುವುದೇ ಇಲ್ಲ. ಬಿಲ್ಲೆ ಭಾರವಾಗಿದ್ದು ತಿರುಪು ಸಡಿಲವಾದರೆ ಮಾತ್ರ ಮೇಲಂಚು ಮುಂದಕ್ಕೆ ವಾಲುತ್ತದೆ. ವಾಲಿದ ಟಾಪ್ಸ್ ಕಂಡರೆ ತಿರುಪು ನೋಡಬೇಕು. ರಿಂಗು ಹಾಗಲ್ಲ. ಅದರ ತಂತಿಯೇ ತೂತಿನೊಳಗೆ ಹಾದು ಹಾಲೆಯ ಕೆಳಗಂಚನ್ನು ಬಳಸಿ ಬರುತ್ತದೆ. ತೂತು ಹಾಲೆಯ ಮುಂದಿನಿಂದ ಹಿಂದಕ್ಕೆ ಇರುವುದರಿಂದ ರಿಂಗಿನ ವೃತ್ತವೂ ಮುಂದೆ-ಹಿಂದೆ ನಿಲ್ಲುತ್ತದೆ. ಆದ್ದರಿಂದ ಹಾಲೆಯ ಎದುರು ನಿಂತವರಿಗೆ ರಿಂಗು ಒಂದು ನೆಟ್ಟಗಿನ ಗೆರೆಯಾಗಿ ಕಾಣುತ್ತದೆ, ಪಕ್ಕಕ್ಕೆ ಬಂದವರಿಗೆ ವೃತ್ತವಾಗಿ ಕಾಣುತ್ತದೆ. ಟಾಪ್ಸ್‌ಗೆ ಇದು ಪೂರ್ಣ ವಿರುದ್ಧ. ಎರಡನ್ನೂ ‘ಗುಂಡಗ’ ಎಂದವರು ಎರಡು ಬೇರೆ ಕಡೆ ನಿಂತಿದ್ದರು ಎಂಬುದು ಮಕ್ಕಳಿಗೆ ಇಲ್ಲಿ ಸ್ಪಷ್ಟವಾಯಿತು.

ರಿಂಗಿನ ಪಕ್ಕದಲ್ಲಿ ಚಾಂದ್‌ಬಾಲಿಯನ್ನು ಇಟ್ಟು ತೋರಿಸುವುದು ಉಪಯುಕ್ತ. ಚಾಂದ್ ಎಂದರೆ ಚಂದ್ರ, ಬಾಲಿ ಎಂದರೆ ಕಿವಿಯ ಬಳೆ. ಹೈದರಾಬಾದಿನ ಆಭರಣವೆಂದೇ ಹೆಸರಾದ ಇದು, 1948ರವರೆಗೆ ನಿಜಾಮರ ಆಡಳಿತದಲ್ಲಿದ್ದ ನಮ್ಮ ಜಿಲ್ಲೆಗೆ ಹೊಸದಲ್ಲ. ಕಾಗದದ ಮೇಲೆ ಹೊರಗೆರೆ ಬರೆದರೆ ಇದೂ ಹೆಚ್ಚುಕಡಿಮೆ ರಿಂಗಿನಂತೆಯೇ ಕಾಣುತ್ತದೆ: ಕೆಳಗೆ ದಪ್ಪ, ಮೇಲಕ್ಕೆ ಬರುತ್ತ ಸಪೂರವಾಗಿ ಎರಡು ತುದಿಗಳು ಹತ್ತಿರ ಬರುವ ಅರ್ಧಚಂದ್ರ. ಆದರೆ ಇದು ಹಾಲೆಗೆ ಸಮಾನಾಂತರವಾಗಿ, ಎದುರು ಮುಖ ಮಾಡಿ ತೂಗುತ್ತದೆ. ಹೊರಗೆರೆ ಒಂದೇ ತರಹ ಇದ್ದೂ ರಿಂಗು ಮತ್ತು ಚಾಂದ್‌ಬಾಲಿ ಬೇರೆಯಾಗಿ ಕಾಣಲು ತೂಗುವ ರೀತಿಯೊಂದೇ ಕಾರಣ.

ಚಾಂದ್‌ಬಾಲಿ ಎದುರು ಮುಖ ಮಾಡಿಯೇ ಏಕೆ ನಿಲ್ಲುತ್ತದೆ ಎಂದು ಒಬ್ಬ ವಿದ್ಯಾರ್ಥಿ ಕೇಳಿದ. ಇಡೀ ಪಾಠದಲ್ಲಿ ಹೆಚ್ಚು ಸಮಯ ಕೊಡಬೇಕಾದ ಜಾಗ ಇದೇ ಎಂದು ನನಗನ್ನಿಸುತ್ತದೆ. ಸಣ್ಣ ತಾಮ್ರದ ತಂತಿಯನ್ನು ಪೆನ್ನಿಗೆ ಸುತ್ತಿ ಕತ್ತರಿಸಿದರೆ ಬೇಕಾದಷ್ಟು ಕೊಂಡಿಗಳು ಸಿಗುತ್ತವೆ. ಇನ್ನೊಂದು ತುಂಡನ್ನು ಕೊಕ್ಕೆಯಂತೆ ಬಗ್ಗಿಸಿ, ಅದರ ತುದಿಯನ್ನು ಕೊಕ್ಕೆಯ ಸಮತಲದಲ್ಲೇ ಸಣ್ಣ ಕಣ್ಣಾಗಿ ಸುತ್ತಿ, ರಟ್ಟಿನ ಕಿವಿಗೆ ಹಾಕಬೇಕು. ಕೊಕ್ಕೆಯೂ ರಿಂಗಿನಂತೆ ಮುಂದೆ-ಹಿಂದೆ ನಿಲ್ಲುತ್ತದೆ. ಈಗ ರಟ್ಟಿನಿಂದ ಕತ್ತರಿಸಿದ ಚಪ್ಪಟೆ ಎಲೆಯೊಂದರ ತಲೆಗೆ ತೂತು ಮಾಡಿ ಆ ಕಣ್ಣಿಗೆ ನೇರವಾಗಿ ಸಿಕ್ಕಿಸಿ. ತಂತಿ ಎಲೆಯ ತೂತಿನಲ್ಲಿ ಹಾದುಹೋಗಬೇಕಾದ್ದರಿಂದ ಎಲೆ ಕೊಕ್ಕೆಗೆ ಅಡ್ಡವಾಗಿ ತಿರುಗುತ್ತದೆ, ಅಂದರೆ ನಮ್ಮ ಎದುರು ಮುಖ ಮಾಡುತ್ತದೆ. ಈಗ ಕಣ್ಣಿಗೂ ಎಲೆಗೂ ನಡುವೆ ಒಂದು ಕೊಂಡಿ ಸೇರಿಸಿ. ಕೊಂಡಿ ಕೊಕ್ಕೆಗೆ ಅಡ್ಡವಾಯಿತು, ಎಲೆ ಕೊಂಡಿಗೆ ಅಡ್ಡವಾಯಿತು. ಎಲೆಯ ಅಂಚು ಮಾತ್ರ ನಮಗೆ ಕಾಣುತ್ತದೆ. ಇನ್ನೊಂದು ಕೊಂಡಿ ಸೇರಿಸಿದರೆ ಎಲೆ ಮತ್ತೆ ಎದುರಾಗುತ್ತದೆ. ಪ್ರತಿ ಕೊಂಡಿಯೂ ಕಾಲು ಸುತ್ತು ತಿರುಗಿಸುತ್ತದೆ. ಕೊಂಡಿಗಳ ಸಂಖ್ಯೆ ಸೊನ್ನೆ ಅಥವಾ ಸಮವಾದರೆ ಎದುರು, ಬೆಸವಾದರೆ ಪಕ್ಕಕ್ಕೆ. ಮಕ್ಕಳು ನಾಲ್ಕು ಕೊಂಡಿಗಳವರೆಗೆ ಸೇರಿಸಿ ನೋಡಿ ಈ ನಿಯಮವನ್ನು ತಾವೇ ಹೇಳಿದರು.

ಜಾತ್ರೆಯಲ್ಲಿ ಕೊಂಡ ಸರ ಅಥವಾ ಲೋಲಾಕಿನ ಕೊಂಡಿ ಕಳಚಿ, ಮನೆಯಲ್ಲಿ ರಿಪೇರಿ ಮಾಡಿದ ಮೇಲೆ ಎಲೆ ಪಕ್ಕಕ್ಕೆ ತಿರುಗಿಕೊಂಡೇ ಇರುತ್ತದೆ ಎಂದು ದೂರುವುದುಂಟು. ಎಣಿಸಿ ನೋಡಿದರೆ ಒಂದು ಕೊಂಡಿ ಹೆಚ್ಚಾಗಿರುತ್ತದೆ ಅಥವಾ ಕಡಿಮೆಯಾಗಿರುತ್ತದೆ. ಒಂದು ಮಿತಿಯನ್ನು ಹೇಳಲೇಬೇಕು: ಕೊಂಡಿಗಳು ಎಲೆಯ ತೂತಿಗಿಂತ ಬಹಳ ದೊಡ್ಡದಾಗಿ ಸಡಿಲವಾಗಿದ್ದರೆ, ಅಥವಾ ಎಲೆ ತೀರಾ ಹಗುರಾಗಿದ್ದರೆ, ಅದು ಯಾವುದಾದರೂ ಓರೆಯಲ್ಲಿ ನಿಂತುಬಿಡುತ್ತದೆ. ತೆಳು ಕಾಗದದ ಎಲೆಯಲ್ಲಿ ಈ ಪ್ರಯೋಗ ಸರಿಯಾಗಿ ಬರುವುದಿಲ್ಲ, ದಪ್ಪ ರಟ್ಟೇ ಬೇಕು.

ಇದೇ ಕೊಕ್ಕೆಗೆ ಝುಮಕಿಯನ್ನು ಹಾಕಿ ಕೊಂಡಿಗಳನ್ನು ಒಂದೊಂದಾಗಿ ಸೇರಿಸುತ್ತ ಹೋದರೆ ಏನೂ ಬದಲಾಗುವುದಿಲ್ಲ. ಝುಮಕಿ ಕಾಲು ಸುತ್ತು ತಿರುಗಿದ್ದು ನಿಜ, ಆದರೆ ತಿರುಗಿದ್ದು ಕಾಣುವುದಿಲ್ಲ. ನೆಟ್ಟಗಿನ ಅಕ್ಷದ ಸುತ್ತ ಅದು ಎಲ್ಲ ಕಡೆಯಿಂದಲೂ ಒಂದೇ ತರಹ ಇದೆ. ತಲೆ ಅಲ್ಲಾಡಿಸಿದಾಗ ಲೋಲಾಕು ಮುಖ ತಿರುಗಿಸಿಕೊಳ್ಳುತ್ತದೆ, ಝುಮಕಿ ತಿರುಗಿಸಿಕೊಳ್ಳಲಾರದು. ಪರಿಭ್ರಮಣ ಸಮ್ಮಿತಿ ಎಂಬ ಪದವನ್ನು ಈ ಹಂತದಲ್ಲಿ ಕಪ್ಪುಹಲಗೆಯ ಮೇಲೆ ಬರೆದೆ; ಅದಕ್ಕಿಂತ ಮೊದಲು ಬರೆದಿದ್ದರೆ ಅದೊಂದು ಪದವಾಗಿಯೇ ಉಳಿಯುತ್ತಿತ್ತು.

ಇನ್ನು ಶಾಂಡೆಲಿಯರ್. ಅಂಗಡಿಯ ಕಾರ್ಡುಗಳ ಮೇಲೆ ಈ ಹೆಸರು ಕಾಣುತ್ತದೆ. ದೊಡ್ಡ ಸಭಾಂಗಣಗಳ ಛಾವಣಿಗೆ ತೂಗುಹಾಕುವ ಗೊಂಚಲು ದೀಪದ ಹೆಸರನ್ನೇ ಆಭರಣಕ್ಕೂ ಇಟ್ಟಿದ್ದಾರೆ. ಮೇಲೆ ಒಂದೇ ಕೊಕ್ಕೆ, ಅದರ ಕೆಳಗೆ ಚಪ್ಪಟೆ ಚೌಕಟ್ಟು, ಚೌಕಟ್ಟಿನ ಕೆಳಗಂಚಿನಲ್ಲಿ ಸಾಲಾಗಿ ಐದಾರು ತೂತುಗಳು, ಪ್ರತಿ ತೂತಿನಿಂದಲೂ ಒಂದೊಂದು ಮಣಿಸರ. ಒಂದು ಹಂತದಿಂದ ಇನ್ನೊಂದು ಹಂತಕ್ಕೆ ಇಳಿಯುತ್ತ ಅಗಲವಾಗುತ್ತ ಹೋಗುವುದೇ ಅದರ ಗುರುತು. ಇಡೀ ಭಾರ ಒಂದೇ ಬಿಂದುವಿನಿಂದ ತೂಗುವುದರಿಂದ ಗುರುತ್ವ ಕೇಂದ್ರ ಆ ಬಿಂದುವಿನ ನೇರ ಕೆಳಗೆ ಬಂದು ನಿಲ್ಲುತ್ತದೆ. ಮಾದರಿಯಲ್ಲಿ ಬಲತುದಿಯ ಸರವನ್ನು ಕತ್ತರಿಸಿದರೆ ಬಲಬದಿ ಮೇಲೇಳುತ್ತದೆ, ಚೌಕಟ್ಟು ಎಡಕ್ಕೆ ವಾಲುತ್ತದೆ. ನಡುವಿನ ಸರವನ್ನು ಕತ್ತರಿಸಿದರೆ ವಾಲುವುದಿಲ್ಲ. ಆದ್ದರಿಂದ ವಾಲಿದ ಶಾಂಡೆಲಿಯರ್ ಕಂಡರೆ ಮೇಲೆದ್ದ ಬದಿಯ ಮಣಿಗಳನ್ನು ಮೊದಲು ಎಣಿಸಬೇಕು. ಝುಮಕಿಯ ಬಾಯಂಚಿನ ಒಂದು ಮುತ್ತು ಬಿದ್ದರೂ ಹೀಗೆ ಆಗಬೇಕಲ್ಲವೇ ಎಂದು ಹಿಂದಿನ ಬೆಂಚಿನ ಹುಡುಗಿ ಕೇಳಿದಳು. ಆಗುತ್ತದೆ, ಆದರೆ ಬಟ್ಟಲಿನ ಭಾರದ ಮುಂದೆ ಒಂದು ಮುತ್ತು ಬಹಳ ಸಣ್ಣದು, ಕಣ್ಣಿಗೆ ತೋರುವುದಿಲ್ಲ.

ತೂಗುವುದೆಲ್ಲ ಕಿವಿಯ ಹಾಲೆಯಿಂದಲೇ ತೂಗಬೇಕಿಲ್ಲ. ಬುಗುಡಿಯನ್ನು ಕಿವಿಯ ಮೇಲಂಚಿಗೆ ಹಾಕುತ್ತಾರೆ. ಭಾರದ ಝುಮಕಿಗೆ ಮಾಟಿ ಎಂಬ ಸರಪಳಿಯನ್ನು ಸೇರಿಸಿ ಕಿವಿಯ ಮೇಲಿಂದ ಕೂದಲಿಗೆ ಸಿಕ್ಕಿಸುತ್ತಾರೆ. ಆಗ ಭಾರ ಎರಡು ಕಡೆ ಹಂಚಿಹೋಗಿ ಹಾಲೆ ಜೋಲುವುದು ತಪ್ಪುತ್ತದೆ. ತಾಂಡಾದಿಂದ ಬರುವ ವಿದ್ಯಾರ್ಥಿನಿಯೊಬ್ಬಳು ತನ್ನ ಅಜ್ಜಿಯ ಘುಗ್ರಿ-ಟೋಪ್ಲಿಯನ್ನು ವರ್ಣಿಸಿದಾಗ ತರಗತಿಯ ಅರ್ಧದಷ್ಟು ಮಕ್ಕಳು ಅದನ್ನು ಕಿವಿಯ ಕೆಳಗೆ ಬರೆದರು. ಬೆಳ್ಳಿಯ ಬಿಲ್ಲೆ, ಅದರ ಕೆಳಗೆ ಗೊಂಚಲಾಗಿ ತೂಗುವ ಗೆಜ್ಜೆ, ಕೆನ್ನೆಯ ಪಕ್ಕಕ್ಕೆ ಇಳಿಬೀಳುವುದು ಎಂದ ಮೇಲೆ ಅದು ಕಿವಿಯದೇ ಎಂದು ಅವರು ತಿಳಿದರು. ‘ಅದು ಕಿವ್ಯಾಗ ಹಾಕೂದಲ್ಲ, ಕೂದಲಕ್ಕ ಕಟ್ಟೂದು’ ಎಂದು ಅವಳು ತಿದ್ದಿದಳು. ಆಕಾರವನ್ನೂ ಅಳತೆಯನ್ನೂ ಸರಿಯಾಗಿಯೇ ಹೇಳಿದ್ದಳು. ಎಲ್ಲಿಂದ ತೂಗುತ್ತದೆ ಎಂಬುದೊಂದು ಹೇಳದೆ ಉಳಿದಿತ್ತು.

ಅಳತೆಯ ಬಗ್ಗೆ ಕಡಿಮೆ ಮಾತು ಸಾಕು. ‘ದೊಡ್ಡದು’ ಎಂದಾಗ ಯಾವ ದಿಕ್ಕಿನಲ್ಲಿ ದೊಡ್ಡದು ಎಂದು ಕೇಳಬೇಕು. ಟಾಪ್ಸ್‌ಗೆ ಬಿಲ್ಲೆಯ ವ್ಯಾಸವೊಂದೇ ಸಾಕು. ರಿಂಗಿಗೆ ಹೊರವ್ಯಾಸ ಮತ್ತು ತಂತಿಯ ದಪ್ಪ ಎರಡೂ ಬೇಕು. ಶಾಂಡೆಲಿಯರ್‌ಗೆ ಕೊಕ್ಕೆಯಿಂದ ತುದಿಯವರೆಗಿನ ಇಳಿ, ಅತಿ ಹೆಚ್ಚಿನ ಅಗಲ, ಮತ್ತು ಆ ಅಗಲ ಯಾವ ಹಂತದಲ್ಲಿದೆ ಎಂಬುದು ಬೇಕು. ಝುಮಕಿಗೆ ಒಟ್ಟು ಇಳಿ, ಬಟ್ಟಲಿನ ಎತ್ತರ, ಬಾಯಿಯ ವ್ಯಾಸ. ಬಾಯಿಯ ವ್ಯಾಸವನ್ನು ಸ್ಕೇಲಿನಿಂದ ಅಳೆಯುವುದು ಕಷ್ಟ, ಅಂಚಿನ ಮುತ್ತುಗಳು ಅಡ್ಡ ಬರುತ್ತವೆ. ಬಾಯಂಚಿನ ಸುತ್ತ ದಾರ ಸುತ್ತಿ, ದಾರವನ್ನು ಸ್ಕೇಲಿನ ಮೇಲಿಟ್ಟು ಅಳೆದು, 22/7ರಿಂದ ಭಾಗಿಸುವುದು ಒಳ್ಳೆಯದು. ನಮ್ಮ ಮಾದರಿಗೆ ದಾರ 6.6 ಸೆಂ.ಮೀ. ಬಂತು, ವ್ಯಾಸ 2.1 ಸೆಂ.ಮೀ. ‘ದವಡೆವರೆಗೆ ಬರ್ತದ’ ಎಂಬಂಥ ಅಳತೆಯನ್ನು ಮಕ್ಕಳು ಇಷ್ಟಪಡುತ್ತಾರೆ, ಆದರೆ 4 ಸೆಂ.ಮೀ. ಇಳಿಯ ಝುಮಕಿ ಐದನೇ ತರಗತಿಯ ಹುಡುಗಿಗೆ ಬರುವಷ್ಟು ಕೆಳಗೆ ಅವಳ ಅಮ್ಮನಿಗೆ ಬರುವುದಿಲ್ಲ. ಗಾತ್ರದಿಂದ ತೂಕವನ್ನು ಊಹಿಸುವುದನ್ನೂ ತಡೆಯಬೇಕು; ಝುಮಕಿ ಒಳಗೆ ಪೊಳ್ಳು.

ಎರಡು ಅವಧಿಗಳ ನಡುವಿನ ದಿನವೇ ಈ ವರ್ಣನೆಗೆ ಒಂದು ನಿಜವಾದ ಕೆಲಸ ಬಂತು. ಏಳನೇ ತರಗತಿಯ ಹುಡುಗಿಯೊಬ್ಬಳ ಒಂದು ಝುಮಕಿ ಆಟದ ಮೈದಾನದಲ್ಲಿ ಬಿದ್ದುಹೋಯಿತು. ಜಾತ್ರೆಯಲ್ಲಿ ಕೊಂಡ ಬಣ್ಣದ್ದೇ, ಆದರೆ ಅಕ್ಕನದು. ಹೇಳದೆ ಹಾಕಿಕೊಂಡು ಬಂದಿದ್ದಳು. ಮನೆಗೆ ಹೋಗಲು ಹೆದರಿ ವರಾಂಡದಲ್ಲಿ ಕೂತಿದ್ದಳು. ಸೂಚನಾ ಫಲಕದಲ್ಲಿ ಅವಳ ಗೆಳತಿಯರು ಬರೆದದ್ದು ಇಷ್ಟು: ‘ಬಂಗಾರದ ಬಣ್ಣದ ಝುಮಕಿ ಕಳೆದದ. ಸಿಕ್ಕವರು ಕೊಡಿರಿ.’ ಮಧ್ಯಾಹ್ನದೊಳಗೆ ಬೇವಿನ ಮರದ ಕೆಳಗೆ ಒಂದು ಸಿಕ್ಕಿತು, ಆದರೆ ತನ್ನದೆಂದು ಹೇಳಲು ಇಬ್ಬರು ಬಂದರು. ಇನ್ನೊಬ್ಬಳದೂ ಹಿಂದಿನ ವಾರ ಕಳೆದಿತ್ತಂತೆ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ.

ಸಿಕ್ಕ ಝುಮಕಿಯನ್ನು ತೋರಿಸದೆ ಇಬ್ಬರಿಗೂ ಬೇರೆ ಬೇರೆ ಕೂತು ಬರೆಯಲು ಎಂಟನೇ ತರಗತಿಯ ಮಕ್ಕಳು ಹೇಳಿದರು. ಉಳಿದ ಇನ್ನೊಂದು ಕಿವಿಯದು ಇಬ್ಬರ ಬಳಿಯೂ ಇತ್ತು, ಅದನ್ನು ನೋಡಿ ಬರೆಯಬಹುದಿತ್ತು. ಏಳನೇ ತರಗತಿಯವಳು ಬರೆದದ್ದು: ‘ಮ್ಯಾಲ ಗುಂಡಿಯಷ್ಟು ಹೂವು, ಕಿವಿಗೆ ಹತ್ತಿ ಕೂಡ್ತದ. ಹೂವಿಗೆ ಒಂದು ಕೊಂಡಿ. ಕೊಂಡಿಗೆ ಬಟ್ಟಲು. ಬಟ್ಟಲು ಅಗಲಕಿಂತ ಎತ್ತರ ಕಡಿಮಿ. ಅಂಚಿಗೆ ಹನ್ನೊಂದು ಬಿಳಿ ಮುತ್ತು, ಒಳಗ ನಡುವ ಒಂದು ಕೆಂಪು ಮಣಿ ಕೆಳಗ ಇಣುಕ್ತದ.’ ಇನ್ನೊಬ್ಬಳ ಝುಮಕಿಗೆ ಮೇಲೆ ಹೂವಿರಲಿಲ್ಲ, ಬರೀ ಕೊಕ್ಕೆ. ಬಟ್ಟಲು ಗಂಟೆಯಂತೆ ಉದ್ದ. ಸಿಕ್ಕದ್ದು ಯಾರದೆಂದು ಯಾರೂ ಹೇಳಬೇಕಾಗಲಿಲ್ಲ. ಬಣ್ಣ ಎರಡರದೂ ಒಂದೇ ಇತ್ತು, ಹೆಸರೂ ಒಂದೇ.

ಜೊತೆಯ ಇನ್ನೊಂದನ್ನು ನೋಡಿ ಬರೆಯುವ ಈ ಉಪಾಯ ಝುಮಕಿಗೆ ಸಲ್ಲುತ್ತದೆ, ಎಲ್ಲಕ್ಕೂ ಅಲ್ಲ. ಝುಮಕಿಯ ಜೊತೆ ಒಂದರಂತೆ ಇನ್ನೊಂದು, ಎಡಬಲ ಎಂಬುದಿಲ್ಲ. ನವಿಲಿನ ಟಾಪ್ಸ್ ಆದರೆ ಬಲಕಿವಿಯ ನವಿಲು ಎಡಕ್ಕೆ ನೋಡುತ್ತಿದ್ದರೆ ಎಡಕಿವಿಯದು ಬಲಕ್ಕೆ ನೋಡುತ್ತದೆ, ಕನ್ನಡಿಯ ಪ್ರತಿಬಿಂಬದಂತೆ. ಕಳೆದದ್ದನ್ನು ವರ್ಣಿಸುವಾಗ ಉಳಿದದ್ದನ್ನು ಕನ್ನಡಿಯಲ್ಲಿ ನೋಡಿ ಬರೆಯಬೇಕು.

ಈ ಪಾಠವನ್ನು ಮಾಡಬಯಸುವ ಸಹ ಪ್ರಶಿಕ್ಷಣಾರ್ಥಿಗಳಿಗೆ ಒಂದು ವಿಷಯ. ಮನೆಯಿಂದ ಆಭರಣ ತನ್ನಿ ಎಂದು ಮಕ್ಕಳಿಗೆ ಹೇಳಬೇಡಿ, ಹಾಕಿಕೊಂಡದ್ದನ್ನು ಬಿಚ್ಚಿಸಲೂಬೇಡಿ. ಬಂಗಾರ ಯಾರ ಮನೆಯಲ್ಲಿದೆ, ಯಾರ ಮನೆಯಲ್ಲಿಲ್ಲ ಎಂಬ ಲೆಕ್ಕ ತರಗತಿಯಲ್ಲಿ ತೆರೆದುಕೊಳ್ಳಬಾರದು. ರಟ್ಟು, ತಂತಿ, ಮಣಿ, ಔಷಧಿ ಬಾಟಲಿಯ ಮುಚ್ಚಳ ಸಾಕು. ಮುಚ್ಚಳವನ್ನು ಬೋರಲು ಹಾಕಿದರೆ ಒಳ್ಳೆಯ ಝುಮಕಿಯಾಗುತ್ತದೆ. ಹುಡುಗರು ಇದು ತಮ್ಮ ಪಾಠವಲ್ಲ ಎಂದು ಹಿಂದೆ ಸರಿದರೆ, ಗಂಡಸರು ಕಿವಿಗೆ ಹಾಕುವ ಒಂಟಿಯನ್ನು ವರ್ಣಿಸಲು ಕೊಡಿ. ಊರಿನ ಯಾರೋ ಹಿರಿಯರ ಕಿವಿಯಲ್ಲಿ ಅವರು ಅದನ್ನು ಕಂಡೇ ಇರುತ್ತಾರೆ.

ಮೌಲ್ಯಮಾಪನಕ್ಕೆ ಬೇರೆ ಪ್ರಶ್ನೆಪತ್ರಿಕೆ ಬೇಕಾಗಲಿಲ್ಲ. ಎರಡನೇ ಅವಧಿಯ ಕೊನೆಯಲ್ಲಿ ಬೆನ್ನಿಗೆ ಬೆನ್ನು ಚಟುವಟಿಕೆಯನ್ನೇ ಮತ್ತೆ ಮಾಡಿಸಿ, ಬಂದ ಚಿತ್ರವನ್ನು ವಸ್ತುವಿನ ಪಕ್ಕದಲ್ಲಿಟ್ಟು ನೋಡಿದೆ. ಮೊದಲ ಸುತ್ತಿನಲ್ಲಿ ರಿಂಗು ಹಿಡಿದು ‘ಗುಂಡಗ ಅದ’ ಎಂದಷ್ಟೇ ಹೇಳಿದ್ದ ಹುಡುಗನಿಗೆ ಈ ಬಾರಿ ಚಾಂದ್‌ಬಾಲಿ ಬಂದಿತ್ತು. ಅವನು ಹೇಳಿದ್ದು ಹೀಗಿತ್ತು: ‘ಕಿವಿಯ ತೂತಿಗೆ ಕೊಕ್ಕೆ. ಕೊಂಡಿ ಇಲ್ಲ, ಹಂಗಾಗಿ ಮುಖ ನಿನ್ನ ಕಡೆ. ಹುಣ್ಣಿಮೆ ಚಂದ್ರನ ಒಳಗ ಮ್ಯಾಲಿನ ಕಡೆ ಒಂದು ಸಣ್ಣ ಚಂದ್ರ ಕಡಕೊಂಡು ತೆಗದಂಗ. ಅಡ್ಡ 3 ಸೆಂಟಿಮೀಟರ್. ಕೆಳಗಂಚಿಗೆ ಏಳು ಮಣಿ, ನಡುವಿನದು ಉದ್ದ. ಪಕ್ಕದಿಂದ ನೋಡಿದ್ರ ಬರೀ ಗೆರಿ.’ ಅವನ ಜೊತೆಗಾರ ಪಕ್ಕದ ನೋಟವನ್ನೂ ಬೇರೆಯಾಗಿ ಬರೆದ: ಒಂದು ಗೆರೆ, ಅದರ ಕೆಳಗೆ ಒಂದೇ ಸಾಲಿನಲ್ಲಿ ಮಣಿಗಳು. ಏಳರ ಬದಲು ಒಂದನ್ನೇ ಬರೆದೆಯಲ್ಲ ಎಂದು ಕೇಳಿದಾಗ, ‘ಉಳಿದ ಆರು ಅದರ ಹಿಂದ-ಮುಂದ ಅವ, ಉದ್ದಂದೇ ಕೆಳಗಿನತನ ಕಾಣ್ತದ’ ಎಂದ.